ಕಂಪ್ಯೂಟರ್ ಎಲ್ಲವನ್ನೂ ನೆನಪಿಟ್ಟುಕೊಳ್ಳತೊಡಗಿದರೆ

ಹೋದ ತಿಂಗಳು ಯಾವುದೋ ವೆಬ್‌ಸೈಟಿನಲ್ಲಿ ನೋಡಿದ ಸೀರೆ ಈಗ ಬೇಕೆನಿಸಿದೆ. ಅಂಗಡಿಯ ಹೆಸರು ಮರೆತುಹೋಗಿದೆ, ಬಣ್ಣ ಮಾತ್ರ ನೆನಪಿದೆ. ‘ನೀಲಿ ಸೀರೆ’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ, ಅಂದು ನಿಮ್ಮ ಪರದೆ ಹೇಗಿತ್ತೋ ಹಾಗೇ ಕಂಪ್ಯೂಟರ್ ಎದುರಿಗೆ ತಂದಿಡುತ್ತದೆ. ಮೈಕ್ರೋಸಾಫ್ಟ್ ಕಂಪನಿ 2024ರ ಮೇ 20ರಂದು ‘ರಿಕಾಲ್’ ಹೆಸರಿನ ಸೌಲಭ್ಯವನ್ನು ಪ್ರಕಟಿಸಿದಾಗ ಕೊಟ್ಟ ಆಸೆ ಇಂಥದ್ದು. ಕಂಪನಿಯ ಮುಖ್ಯಸ್ಥ ಸತ್ಯ ನಾದೆಲ್ಲ ಅದನ್ನು ಕಂಪ್ಯೂಟರಿನ ಛಾಯಾಚಿತ್ರದಂಥ ಸ್ಮರಣಶಕ್ತಿ ಎಂದು ಬಣ್ಣಿಸಿದರು.

ಇದು ಎಲ್ಲ ಕಂಪ್ಯೂಟರುಗಳಲ್ಲೂ ಇಲ್ಲ. ‘ಕೋಪೈಲಟ್ ಪ್ಲಸ್ ಪಿಸಿ’ ಎಂಬ ಹಣೆಪಟ್ಟಿಯೊಡನೆ ಮಾರಾಟವಾಗುವ ವಿಂಡೋಸ್ 11 ಕಂಪ್ಯೂಟರುಗಳಿಗೆ ಮಾತ್ರ ಸೀಮಿತ. ಅವುಗಳಲ್ಲಿ ಕೃತಕ ಬುದ್ಧಿಮತ್ತೆಯ ಲೆಕ್ಕಾಚಾರಕ್ಕೆಂದೇ ಎನ್‌ಪಿಯು ಎಂಬ ಪ್ರತ್ಯೇಕ ಘಟಕ ಇರುತ್ತದೆ, ಕನಿಷ್ಠ 16 ಜಿಬಿ ರ್‍ಯಾಮ್ ಇರುತ್ತದೆ. ನಾಲ್ಕೈದು ವರ್ಷ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡವರು ಈ ಲೇಖನವನ್ನು ನಿಶ್ಚಿಂತೆಯಿಂದ ಓದಬಹುದು.

ರಿಕಾಲ್ ಮಾಡುವ ಕೆಲಸ ಸರಳ. ನೀವು ಕೆಲಸ ಮಾಡುತ್ತಿರುವಾಗ ಕೆಲವು ಸೆಕೆಂಡುಗಳಿಗೊಮ್ಮೆ, ಪರದೆ ಬದಲಾಗಿದ್ದರೆ, ಅದರ ಚಿತ್ರ ತೆಗೆಯುತ್ತದೆ. ಚಿತ್ರದಲ್ಲಿರುವ ಅಕ್ಷರಗಳನ್ನು ಓದಿ, ಏನೇನು ಕಾಣುತ್ತಿದೆ ಎಂದು ಗುರುತಿಸಿ, ಹುಡುಕಲು ಅನುಕೂಲವಾಗುವಂತೆ ಸೂಚಿ ಮಾಡಿಟ್ಟುಕೊಳ್ಳುತ್ತದೆ. ಇದೆಲ್ಲ ಲ್ಯಾಪ್‌ಟಾಪಿನೊಳಗೇ ನಡೆಯುತ್ತದೆ, ಚಿತ್ರಗಳು ತನ್ನ ಸರ್ವರ್‌ಗೆ ಹೋಗುವುದಿಲ್ಲ ಎಂದು ಕಂಪನಿ ಮೊದಲ ದಿನದಿಂದಲೂ ಹೇಳಿಕೊಂಡು ಬಂದಿದೆ. ಜನ ಅದನ್ನು ಕೇಳಿ ಸುಮ್ಮನಾಗಬೇಕಿತ್ತು. ಆಗಲಿಲ್ಲ, ಮತ್ತು ಆಗದಿದ್ದುದೇ ಒಳ್ಳೆಯದಾಯಿತು.

ಭದ್ರತಾ ತಜ್ಞ ಕೆವಿನ್ ಬೋಮಾಂಟ್ ಇನ್ನೂ ಮಾರುಕಟ್ಟೆಗೆ ಬಾರದ ರಿಕಾಲನ್ನು ಚಲಾಯಿಸಿ ನೋಡಿದರು. ಪರದೆಯಿಂದ ಓದಿಕೊಂಡ ಅಷ್ಟೂ ಪಠ್ಯ `ukg.db` ಎಂಬ ಒಂದು ಸಾಮಾನ್ಯ ಡೇಟಾಬೇಸ್ ಕಡತದಲ್ಲಿ, ಯಾವ ಗೂಢಲಿಪಿಯೂ ಇಲ್ಲದೆ ಕೂತಿತ್ತು. ಡಿಸ್ಕ್ ಪೂರ್ತಿ ಗೂಢಲಿಪಿಯಲ್ಲಿದೆಯಲ್ಲ ಎನ್ನುವುದು ಕಂಪನಿಯ ಸಮಜಾಯಿಷಿ. ಲ್ಯಾಪ್‌ಟಾಪ್ ಆಫ್ ಆಗಿರುವಾಗ ಕಳುವಾದರೆ ಮಾತ್ರ ಆ ರಕ್ಷಣೆ ಕೆಲಸಕ್ಕೆ ಬರುತ್ತದೆ. ನೀವು ಲಾಗಿನ್ ಆದ ಮೇಲೆ ನಿಮ್ಮ ಹೆಸರಿನಲ್ಲಿ ಓಡುವ ಯಾವ ಪ್ರೋಗ್ರಾಂ ಬೇಕಾದರೂ ಕಡತವನ್ನು ಓದಬಹುದು. ಬಾಗಿಲಿಗೆ ಬೀಗವಿದ್ದರೂ ಒಳಗೆ ಬಂದವನ ಪಾಲಿಗೆ ಬೀರು ತೆರೆದೇ ಇದ್ದ ಹಾಗೆ. ಅಲೆಕ್ಸಾಂಡರ್ ಹಾಗೆನಾ ಎಂಬ ಇನ್ನೊಬ್ಬ ತಜ್ಞರು ‘ಟೋಟಲ್‌ರಿಕಾಲ್’ ಎಂಬ ಪುಟ್ಟ ಪ್ರೋಗ್ರಾಂ ಬರೆದು, ಆ ಕಡತವನ್ನೂ ಚಿತ್ರಗಳನ್ನೂ ಎಷ್ಟು ಸಲೀಸಾಗಿ ಬಾಚಿಕೊಳ್ಳಬಹುದು ಎಂದು ತೋರಿಸಿಬಿಟ್ಟರು. ಪಾಸ್‌ವರ್ಡ್ ಕದಿಯುವ ದುರುದ್ದೇಶದ ತಂತ್ರಾಂಶಗಳಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಬೇಕಿರಲಿಲ್ಲ. ಅದುವರೆಗೆ ಅವು ಆ ಕ್ಷಣಕ್ಕೆ ಸಿಕ್ಕಿದ್ದನ್ನು ಕದಿಯುತ್ತಿದ್ದವು, ಇಲ್ಲಿ ತಿಂಗಳುಗಟ್ಟಲೆಯ ಬದುಕು ಒಂದೇ ಕಡೆ ಜೋಡಿಸಿಟ್ಟು ಸಿಗುತ್ತಿತ್ತು.

ಆಮೇಲಿನದು ವೇಗವಾಗಿ ನಡೆಯಿತು. ಜೂನ್ 7ರಂದು ಕಂಪನಿ, ಬಳಕೆದಾರ ತಾನಾಗಿ ಒಪ್ಪಿದರೆ ಮಾತ್ರ ರಿಕಾಲ್ ಶುರುವಾಗುವಂತೆ ಮಾಡುತ್ತೇವೆಂದಿತು. ಇನ್ನೊಂದು ವಾರದೊಳಗೆ ಬಿಡುಗಡೆಯನ್ನೇ ಮುಂದಕ್ಕೆ ಹಾಕಿತು. ಹೊಸದಾಗಿ ಕಟ್ಟಿದ ರಿಕಾಲ್ ಎಲ್ಲರ ಕೈಗೆ ಬಂದದ್ದು 2025ರ ಏಪ್ರಿಲ್‌ನಲ್ಲಿ.

ಈಗಿನ ವ್ಯವಸ್ಥೆಯಲ್ಲಿ ಚಿತ್ರಗಳೂ ಸೂಚಿಯೂ ಗೂಢಲಿಪಿಯಲ್ಲಿರುತ್ತವೆ. ಬೀಗದ ಕೈ ಲ್ಯಾಪ್‌ಟಾಪಿನ ಟಿಪಿಎಂ ಎಂಬ ಭದ್ರತಾ ಚಿಪ್ಪಿನ ಕಾವಲಲ್ಲಿರುತ್ತದೆ. ಬಿಡಿಸಿ ಓದುವ ಕೆಲಸವನ್ನು ವಿಂಡೋಸ್‌ನ ಉಳಿದ ಭಾಗಗಳಿಂದ ಬೇರ್ಪಡಿಸಿದ ಒಂದು ಕೋಣೆಯಲ್ಲಿ ಮಾಡಲಾಗುತ್ತದೆ. ರಿಕಾಲ್ ತೆರೆಯಬೇಕಾದರೆ ವಿಂಡೋಸ್ ಹೆಲೋ ಮೂಲಕ ಮುಖವನ್ನೋ ಬೆರಳನ್ನೋ ತೋರಿಸಬೇಕು. ಪರಭಾರೆ ಪ್ರೋಗ್ರಾಂ ಬಂದು ಕಡತವನ್ನು ಎತ್ತಿಕೊಂಡು ಹೋಗುವ ಹಳೆಯ ದಾರಿ ಬಹುಮಟ್ಟಿಗೆ ಮುಚ್ಚಿದೆ. ಆದರೆ ಒಂದು ಸಂದು ಉಳಿದಿದೆ. ಮೊದಲ ಸಲ ಚಾಲೂ ಮಾಡಿದ ಮೇಲೆ ಮುಖ, ಬೆರಳಿನ ಬದಲು ಪಿನ್ ಹೊಡೆದೂ ತೆರೆಯಬಹುದು. ನಿಮ್ಮ ಪಿನ್ ಮನೆಯಲ್ಲಿ ಯಾರಿಗೆ ಗೊತ್ತು? ಗಂಡನಿಗೆ, ಮಗನಿಗೆ, ಕಚೇರಿಯ ಪಕ್ಕದ ಮೇಜಿನವರಿಗೆ? ಅವರೆಲ್ಲರಿಗೂ ನಿಮ್ಮ ಪರದೆಯ ಹಿಂದಿನ ದಿನಗಳು ತೆರೆದುಕೊಳ್ಳುತ್ತವೆ. ಹೊಡೆತ, ಬೆದರಿಕೆಯ ಮನೆಯಲ್ಲಿರುವ ಹೆಣ್ಣುಮಗಳು ಸಹಾಯವಾಣಿಯ ಪುಟ ನೋಡಿ, ಬ್ರೌಸರಿನ ಚರಿತ್ರೆ ಅಳಿಸಿದರೂ, ಚಿತ್ರ ಬೇರೆ ಕಡೆ ಉಳಿದಿರುತ್ತದೆ. ಈ ಅಪಾಯವನ್ನು ಯಾವ ಗೂಢಲಿಪಿಯೂ ತಪ್ಪಿಸಲಾರದು.

ಹಾಗಾಗಿ ನನಗೆ ಬೀಗದ ಗಟ್ಟಿತನಕ್ಕಿಂತ ಮುಖ್ಯವೆನಿಸುವುದು, ಒಳಗೆ ಏನು ಸೇರುತ್ತದೆ ಎಂಬುದು. ಸೇರದ ಚಿತ್ರವನ್ನು ಯಾರೂ ನೋಡಲಾರರು. ಇದಕ್ಕೆಂದು ರಿಕಾಲ್‌ನಲ್ಲಿ ಒಂದು ಸೋಸುಕ ಇದೆ. ಪಾಸ್‌ವರ್ಡ್, ಕ್ರೆಡಿಟ್ ಕಾರ್ಡ್ ಸಂಖ್ಯೆ, ಗುರುತಿನ ಸಂಖ್ಯೆಗಳಂಥವು ಪರದೆಯಲ್ಲಿ ಕಂಡರೆ ಆ ಚಿತ್ರವನ್ನು ಉಳಿಸದೆ ಬಿಡುವುದು ಅದರ ಕೆಲಸ, ಮತ್ತು ಅದು ಮೊದಲಿನಿಂದಲೇ ಚಾಲೂ ಇರುತ್ತದೆ.

2024ರ ಡಿಸೆಂಬರ್‌ನಲ್ಲಿ ‘ಟಾಮ್ಸ್ ಹಾರ್ಡ್‌ವೇರ್’ನ ಸಂಪಾದಕ ಅವ್ರಾಮ್ ಪಿಲ್ಚ್ ಇದನ್ನು ಪರೀಕ್ಷಿಸಿದರು. ಆಗ ರಿಕಾಲ್ ಇನ್ನೂ ಪ್ರಯೋಗದ ಹಂತದಲ್ಲಿತ್ತು. ಆನ್‌ಲೈನ್ ಅಂಗಡಿಗಳ ಪಾವತಿ ಪುಟದಲ್ಲಿ ಕಾರ್ಡ್ ಸಂಖ್ಯೆ ತುಂಬುವಾಗ ಸೋಸುಕ ಸರಿಯಾಗಿ ಕೆಲಸ ಮಾಡಿತು, ಚಿತ್ರ ಉಳಿಯಲಿಲ್ಲ. ಅದೇ ಥರದ ಸಂಖ್ಯೆಯನ್ನು ನೋಟ್‌ಪ್ಯಾಡ್‌ನಲ್ಲಿ ಬಳಕೆದಾರ ಹೆಸರು, ಪಾಸ್‌ವರ್ಡ್ ಜೊತೆಗೆ ಬರೆದರೆ ಚಿತ್ರ ಉಳಿಯಿತು. ಸಾಲದ ಅರ್ಜಿಯೊಂದರ ಪಿಡಿಎಫ್‌ನಲ್ಲಿ ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ತುಂಬಿದಾಗಲೂ ಉಳಿಯಿತು. ಕಾರ್ಡ್ ವಿವರ ತುಂಬಿ ಎಂದು ಸ್ಪಷ್ಟವಾಗಿಯೇ ಬರೆದು, ಅವರೇ ತಯಾರಿಸಿದ ವೆಬ್ ಪುಟವೂ ಜಾರಿಕೊಂಡಿತು. ನಂತರ ಕಂಪನಿ ಸೋಸುಕವನ್ನು ತಿದ್ದುತ್ತ ಬಂದಿದೆ. ಆದರೆ ಈ ಫಲಿತಾಂಶ ಒಂದು ಗುಣವನ್ನು ತೋರಿಸುತ್ತದೆ. ಸೋಸುಕ ಪರದೆಯಲ್ಲಿರುವುದನ್ನು ನಿಮ್ಮ ಹಾಗೆ ಅರ್ಥ ಮಾಡಿಕೊಂಡು ನಾಚುವುದಿಲ್ಲ. ಪರಿಚಿತ ರೂಪ ಕಂಡರೆ ತಡೆಯುತ್ತದೆ, ಇಲ್ಲವಾದರೆ ಬಿಡುತ್ತದೆ. ರಕ್ತಪರೀಕ್ಷೆಯ ವರದಿ, ಅಣ್ಣತಮ್ಮಂದಿರ ಆಸ್ತಿ ಜಗಳದ ಕಾಗದ, ಸಂಬಳದ ಚೀಟಿ ಮುಂತಾದವು ಕಾರ್ಡ್ ಸಂಖ್ಯೆಯ ಹಾಗೆ ಒಂದು ರೂಪಕ್ಕೆ ಸಿಗುವಂಥವಲ್ಲ.

ಇನ್ನು ಕನ್ನಡ. ರಿಕಾಲ್ ಚೆನ್ನಾಗಿ ಕೆಲಸ ಮಾಡುವ ಭಾಷೆಗಳೆಂದು ಮೈಕ್ರೋಸಾಫ್ಟ್ ಹೆಸರಿಸಿರುವುದು ಇಂಗ್ಲಿಷ್, ಚೀನೀ, ಫ್ರೆಂಚ್, ಜರ್ಮನ್, ಜಪಾನಿ ಮತ್ತು ಸ್ಪ್ಯಾನಿಷ್. ಕನ್ನಡದಲ್ಲಿ ಬರೆಯುವ, ಓದುವ ನಮ್ಮ ಪರದೆಯ ಚಿತ್ರಗಳು ಮಾತ್ರ ಎಲ್ಲರದರಂತೆ ಜಮೆಯಾಗುತ್ತವೆ. ಹುಡುಕುವ ಲಾಭ ಅರೆಬರೆ, ಗೋಪ್ಯತೆಯ ಬೆಲೆ ಪೂರ್ತಿ. ನಾನಾದರೆ ಈ ವ್ಯಾಪಾರಕ್ಕೆ ಸದ್ಯಕ್ಕೆ ಒಪ್ಪುವುದಿಲ್ಲ.

ಒಪ್ಪುವವರು ಮೊದಲು ಹೋಗಬೇಕಾದ ಜಾಗ ಸೆಟ್ಟಿಂಗ್ಸ್‌ನಲ್ಲಿ `Privacy & security` ಕೆಳಗಿರುವ `Recall & snapshots`. ಚಿತ್ರ ಉಳಿಸುವ ಗುಂಡಿ ಅಲ್ಲೇ ಇದೆ. ಅದು ಆಫ್ ಆಗಿದ್ದರೆ ಏನೂ ದಾಖಲಾಗುತ್ತಿಲ್ಲ. ಆದರೆ ಇವತ್ತು ಆಫ್ ಮಾಡಿದ ಮಾತ್ರಕ್ಕೆ ನಿನ್ನೆಯವರೆಗಿನ ಚಿತ್ರಗಳು ಹೋಗುವುದಿಲ್ಲ. ಅವನ್ನು ಅದೇ ಪುಟದಲ್ಲಿ ಬೇರೆಯಾಗಿ ಅಳಿಸಬೇಕು. ಎಲ್ಲವನ್ನೂ ಅಳಿಸಬಹುದು, ಇಂತಿಷ್ಟು ಅವಧಿಯದನ್ನು ಮಾತ್ರವೂ ಅಳಿಸಬಹುದು. ಎಷ್ಟು ಜಾಗ ಕೊಡಬೇಕೆಂಬುದೂ ಇಲ್ಲೇ ನಿರ್ಧಾರವಾಗುತ್ತದೆ. 256 ಜಿಬಿ ಡಿಸ್ಕ್ ಇದ್ದರೆ ರಿಕಾಲ್ ತಾನಾಗಿ 25 ಜಿಬಿ ತೆಗೆದುಕೊಳ್ಳುತ್ತದೆ. ಅದು ಸುಮಾರು ಮೂರು ತಿಂಗಳ ಚಿತ್ರಗಳಿಗೆ ಸಾಕು ಎಂಬುದು ಕಂಪನಿಯ ಅಂದಾಜು. ತುಂಬಿದಾಗ ಹಳೆಯವು ಅಳಿಯುತ್ತವೆ. ಇದನ್ನು 10 ಜಿಬಿಗೆ ಇಳಿಸಿದರೆ ನೆನಪಿನ ಉದ್ದವೂ ಇಳಿಯುತ್ತದೆ.

ಅಲ್ಲಿರುವ ಇನ್ನೊಂದು ಪಟ್ಟಿ, ದಾಖಲಿಸಬಾರದ ಆ್ಯಪ್ ಮತ್ತು ವೆಬ್‌ಸೈಟುಗಳದು. ಬ್ಯಾಂಕ್, ಆದಾಯ ತೆರಿಗೆ, ಇಮೇಲ್, ಆಸ್ಪತ್ರೆಯ ಪುಟಗಳನ್ನು ಇಲ್ಲಿ ಸೇರಿಸಬೇಕು. ವಾಟ್ಸ್‌ಆ್ಯಪನ್ನು ಆ್ಯಪ್ ಆಗಿಯೂ ಬಳಸಿ, ಬ್ರೌಸರಿನಲ್ಲೂ ತೆರೆಯುವವರು ಎರಡನ್ನೂ ಬೇರೆ ಬೇರೆಯಾಗಿ ಸೇರಿಸಬೇಕು, ಒಂದನ್ನು ಸೇರಿಸಿದರೆ ಇನ್ನೊಂದು ಬರುವುದಿಲ್ಲ. ವೆಬ್‌ಸೈಟಿನ ತಡೆ ಎಡ್ಜ್, ಕ್ರೋಮ್, ಫೈರ್‌ಫಾಕ್ಸ್, ಒಪೆರಾದಂಥ ಬೆಂಬಲವಿರುವ ಬ್ರೌಸರುಗಳಲ್ಲಷ್ಟೇ ನಡೆಯುತ್ತದೆ. ಅಲ್ಲೂ ನೀವು ಎದುರಿಗೆ ತೆರೆದಿಟ್ಟ ಟ್ಯಾಬಿಗೆ ಮಾತ್ರ ಅದು ಅನ್ವಯ. ತಡೆದ ಸೈಟಿನ ಹೆಸರು ಬ್ರೌಸರಿನ ಚರಿತ್ರೆಯಲ್ಲಿ ಕಂಡರೆ ಆ ಚರಿತ್ರೆಯ ಚಿತ್ರ ಉಳಿಯಬಹುದು. ಖಾಸಗಿ ಕಿಟಕಿಯಲ್ಲಿ ತೆರೆದದ್ದನ್ನು ರಿಕಾಲ್ ಉಳಿಸುವುದಿಲ್ಲ.

ನಂಬಿಕೆಗಿಂತ ಪರೀಕ್ಷೆ ಮೇಲು. ನೋಟ್‌ಪ್ಯಾಡ್ ತೆರೆದು ಕಾಲ್ಪನಿಕ ಖಾತೆ ಸಂಖ್ಯೆಯೊಂದನ್ನು, ಜೊತೆಗೆ ಎಲ್ಲೂ ಸಿಗದ ಒಂದು ವಿಚಿತ್ರ ಇಂಗ್ಲಿಷ್ ಪದವನ್ನು ಬರೆಯಿರಿ. ಒಂದೆರಡು ನಿಮಿಷ ಬಿಟ್ಟು ವಿಂಡೋಸ್ ಕೀಲಿಯನ್ನೂ ಜೆ ಅಕ್ಷರವನ್ನೂ ಒಟ್ಟಿಗೆ ಒತ್ತಿ, ಆ ಪದವನ್ನು ಹುಡುಕಿ. ಚಿತ್ರ ಸಿಕ್ಕಿದರೆ ಸೋಸುಕದ ಯೋಗ್ಯತೆ ಗೊತ್ತಾಯಿತು. ತಡೆಪಟ್ಟಿಗೆ ಸೇರಿಸಿದ ಪ್ರತಿ ಸೈಟಿನ ಮೇಲೂ ಇದೇ ಪ್ರಯೋಗ ಮಾಡಬಹುದು.

ಬೇಡವೇ ಬೇಡ ಎನ್ನುವವರು ಚಿತ್ರಗಳನ್ನು ಅಳಿಸಿ, `Turn Windows features on or off` ಎಂಬ ಕಿಟಕಿಯಲ್ಲಿ ರಿಕಾಲ್ ಮುಂದಿನ ಗುರುತು ತೆಗೆದು, ಕಂಪ್ಯೂಟರನ್ನು ಮರಳಿ ಚಾಲೂ ಮಾಡಬೇಕು. ನಿಜಕ್ಕೂ ಹೋಗಿದೆಯೇ ಎಂದು ನೋಡಲು ಟರ್ಮಿನಲ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಹೀಗೆ ಬರೆಯಬೇಕು:

```
Dism /Online /Get-FeatureInfo /FeatureName:Recall
```

ಉತ್ತರದಲ್ಲಿ `State` ಎದುರು `Disabled` ಎಂಬ ಪದ ಕಂಡರೆ ಅದು ತೆಗೆದುಹಾಕಿದ ಸ್ಥಿತಿ. ದೊಡ್ಡ ವಿಂಡೋಸ್ ಅಪ್‌ಡೇಟ್ ಆದಾಗಲೊಮ್ಮೆ ಇದನ್ನು ನೋಡಿಕೊಳ್ಳುವುದು ನಷ್ಟವಲ್ಲ.

ಇಷ್ಟೂ ಮಾಡಿದ ಮೇಲೂ ನಿಮ್ಮ ಕೈಮೀರಿದ್ದು ಒಂದಿದೆ. ಅದು ಇನ್ನೊಬ್ಬರ ಲ್ಯಾಪ್‌ಟಾಪ್. ಒಂದು ದಿನದಲ್ಲಿ ತಾನಾಗಿ ಅಳಿಯುವಂತೆ ನೀವು ಕಳಿಸಿದ ಸಂದೇಶವನ್ನು ಅತ್ತ ಕಡೆಯವರು ರಿಕಾಲ್ ಇರುವ ಪರದೆಯಲ್ಲಿ ಓದಿದರೆ, ಸಂದೇಶ ಅಳಿದರೂ ಅದರ ಚಿತ್ರ ಉಳಿಯಬಹುದು. ಇದನ್ನು ಗಂಭೀರವಾಗಿ ತೆಗೆದುಕೊಂಡದ್ದು ಸಿಗ್ನಲ್ ಆ್ಯಪ್. ಸಂದೇಶದ ಆ್ಯಪುಗಳು ತಮ್ಮ ಕಿಟಕಿಯನ್ನು ರಿಕಾಲ್‌ನಿಂದ ಹೊರಗಿಡಲು ಮೈಕ್ರೋಸಾಫ್ಟ್ ಸರಿಯಾದ ದಾರಿ ಕೊಟ್ಟಿಲ್ಲ ಎಂದು ದೂರಿ, 2025ರ ಮೇನಲ್ಲಿ ಅದು ಬೇರೊಂದು ಉಪಾಯ ಹೂಡಿತು. ಸಿನಿಮಾಗಳನ್ನು ಪರದೆಯಿಂದ ನಕಲು ಮಾಡದಂತೆ ತಡೆಯಲು ವಿಂಡೋಸ್‌ನಲ್ಲಿರುವ ವ್ಯವಸ್ಥೆಯನ್ನೇ ತನ್ನ ಕಿಟಕಿಗೆ ಹಚ್ಚಿಕೊಂಡಿತು. ಅಂದಿನಿಂದ ವಿಂಡೋಸ್ 11ರಲ್ಲಿ ಸಿಗ್ನಲ್‌ನ ಚಿತ್ರ ತೆಗೆಯಹೋದರೆ ಖಾಲಿ ಪರದೆ ಬರುತ್ತದೆ. ಎರಡು ತಿಂಗಳ ನಂತರ ಬ್ರೇವ್ ಬ್ರೌಸರ್ ಕೂಡ ರಿಕಾಲನ್ನು ತಾನಾಗಿ ತಡೆಯುವುದಾಗಿ ಹೇಳಿತು.

ಸಿಗ್ನಲ್‌ನ ಉಪಾಯಕ್ಕೆ ಒಂದು ದಂಡವೂ ಇದೆ. ಪರದೆಯನ್ನು ದೊಡ್ಡದು ಮಾಡಿ ತೋರಿಸುವ, ಓದಿ ಹೇಳುವ ಕೆಲವು ತಂತ್ರಾಂಶಗಳಿಗೂ ಆ ಕಿಟಕಿ ಕಾಣದೆ ಹೋಗಬಹುದು. ಅಂಥವರಿಗಾಗಿ ಸಿಗ್ನಲ್‌ನ ಸೆಟ್ಟಿಂಗ್ಸ್‌ನಲ್ಲಿ `Privacy` ಒಳಗೆ `Screen security` ಎಂಬ ಗುಂಡಿ ಇಟ್ಟಿದ್ದಾರೆ. ಅದನ್ನು ಆಫ್ ಮಾಡುವ ಮುನ್ನ ಎಚ್ಚರಿಕೆಯ ಸಂದೇಶವೊಂದು ಬರುತ್ತದೆ. ಹಾಗೆ ಆಫ್ ಮಾಡಿದರೆ ಆ ಸಂಭಾಷಣೆಯ ಅತ್ತ ಬದಿಯಲ್ಲಿ ಕೂತವರಿಗೆ ಅದು ತಿಳಿಯುವುದಿಲ್ಲ, ತಿಳಿಸಬೇಕಾದವರು ನೀವೇ.