ಕಟರಿನ ಕೇಂದ್ರವೂ ಫಲಕದ ಅಂಚೂ

ಮಿಲ್ಲಿಂಗ್ ಯಂತ್ರದಲ್ಲಿ ಲೋಹವನ್ನು ಕೊರೆಯುವುದು ಕಟರಿನ ಅಂಚು, ಆದರೆ ಸಿ.ಎನ್.ಸಿ. ಯಂತ್ರವು ನಡೆಸುವುದು ಅದರ ಕೇಂದ್ರವನ್ನು. ಆದುದರಿಂದ ಕೇಂದ್ರದ ಪಥವು ಸಿದ್ಧವಸ್ತುವಿನ ಅಂಚಿನಿಂದ ಲಂಬವಾಗಿ ಕಟರಿನ ವ್ಯಾಸದ ಅರ್ಧದಷ್ಟು ದೂರದಲ್ಲಿರಬೇಕು. ‘ಲಂಬವಾಗಿ’ ಎಂಬ ಈ ಮಾತನ್ನು ಮರೆತವರು ಮೂಲೆಯಲ್ಲಿ ಎಡವುತ್ತಾರೆ.

100 ಮಿ.ಮೀ. ಉದ್ದ, 60 ಮಿ.ಮೀ. ಅಗಲದ ಒಂದು ಉಕ್ಕಿನ ಫಲಕವನ್ನು ಭಾವಿಸೋಣ. ಅದರ ಕೆಳಗಿನ ಎಡಮೂಲೆಯೇ ಸೊನ್ನೆಯ ಬಿಂದು. ಮೇಲಿನ ಬಲಮೂಲೆಯನ್ನು ಮಾತ್ರ 45 ಡಿಗ್ರಿಯ ಓರೆಯಲ್ಲಿ, ಎರಡೂ ಬದಿಗಳಿಂದ 10 ಮಿ.ಮೀ.ನಂತೆ ಕತ್ತರಿಸಬೇಕಾಗಿದೆ. ಕಟರಿನ ವ್ಯಾಸ 12, ತ್ರಿಜ್ಯ 6. ಮೇಲಂಚಿನಲ್ಲಿ ಕೇಂದ್ರವು Y66ರಲ್ಲಿ ಸಾಗಬೇಕೆಂಬುದು ಸುಲಭವಾಗಿಯೇ ತಿಳಿಯುತ್ತದೆ. ಓರೆಯು X90ರಲ್ಲಿ ಆರಂಭವಾಗುವುದರಿಂದ ಅದಕ್ಕೂ 6 ಕೂಡಿಸಿ X96ರಲ್ಲಿ ತಿರುಗಿಸಿದರೆ ಸಾಕೆಂದು ತೋರಬಹುದು. ಆದರೆ ಹಾಗೆ ಮಾಡಿದರೆ ಕೇಂದ್ರವು ಓರೆಯ ಅಂಚಿನಿಂದ 8.485 ಮಿ.ಮೀ. ದೂರ ಉಳಿದು, ಅಲ್ಲಿ 2.485 ಮಿ.ಮೀ. ಲೋಹ ಕತ್ತರಿಸದೆ ನಿಲ್ಲುತ್ತದೆ. ಕೂಡಿಸಬೇಕಾದುದು ತ್ರಿಜ್ಯವನ್ನಲ್ಲ, ತ್ರಿಜ್ಯವನ್ನು ತಿರುವಿನ ಅರ್ಧಕೋನದ ಸ್ಪರ್ಶಕದಿಂದ ಗುಣಿಸಿದ ಮೊತ್ತವನ್ನು. ಅದು 6 × 0.4142, ಎಂದರೆ 2.485. ಸರಿಯಾದ ತಿರುವು X92.485ರಲ್ಲಿದೆ.

ಲೆಕ್ಕ ಕಠಿನವೇನಲ್ಲ. ತೊಡಕು ಬರುವುದು ಕಟರನ್ನು ಸಾಣೆ ಹಿಡಿದ ಮೇಲೆ. ವ್ಯಾಸ 11.80ಕ್ಕೆ ಇಳಿದರೆ ಎಲ್ಲ ಬಿಂದುಗಳನ್ನೂ ಹೊಸದಾಗಿ ಗುಣಿಸಬೇಕು. ಇದನ್ನು ತಪ್ಪಿಸಲೆಂದೇ ಫಲಕದ ನಿಜವಾದ ಅಳತೆಗಳನ್ನು ಬರೆದು, ಸರಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಪದ್ಧತಿಯಿದೆ:

```
G00 X-20. Y-20.
G01 G41 D01 X0. Y-10. F200
Y60.
X90.
X100. Y50.
Y0.
X-10.
G40 X-20. Y-20.
```

ಇಲ್ಲಿ ಆಳದ ಚಲನೆಯನ್ನು ಬಿಟ್ಟಿದೆ. G41 ಎಂದರೆ, ಸಾಗುವ ದಿಕ್ಕಿಗೆ ಮುಖಮಾಡಿ ನಿಂತಾಗ, ಕಟರು ಅಂಚಿನ ಎಡಕ್ಕಿರಬೇಕೆಂದರ್ಥ. D01 ಎಂಬುದು ಅಳತೆಯನ್ನು ಬರೆದಿಟ್ಟ ಸ್ಥಾನ. ಅಂಚಿಗೆ ಒಯ್ಯುವ ಮೊದಲ ನಡೆಯು ಲೋಹದಿಂದ ಹೊರಗೆ, ಸರಳರೇಖೆಯಲ್ಲಿ, ತ್ರಿಜ್ಯಕ್ಕಿಂತ ಉದ್ದವಾಗಿರಬೇಕು. ಕೆಲವು ಯಂತ್ರಗಳು D ಸ್ಥಾನದಲ್ಲಿ ತ್ರಿಜ್ಯವನ್ನೂ ಕೆಲವು ವ್ಯಾಸವನ್ನೂ ಕೇಳುತ್ತವೆ. ಯಾವುದೆಂದು ಮೊದಲೇ ತಿಳಿದಿರಬೇಕು.

ಸಾಣೆಯ ಬಳಿಕ ಆ ಸ್ಥಾನದಲ್ಲಿ 6ನ್ನು ಅಳಿಸಿ 5.9 ಬರೆದರಾಯಿತು. ಮರೆತರೆ ಪ್ರತಿಯೊಂದು ಅಂಚಿನಲ್ಲಿಯೂ 0.1 ಉಳಿದು, ಫಲಕವು 100.2 ಮತ್ತು 60.2 ಆಗುತ್ತದೆ. ಅದೇ ಕಟರಿನಿಂದ ಕೊರೆದ ಒಳಗುಳಿಯಾದರೋ 0.2 ಕಿರಿದಾಗಿರುತ್ತದೆ. ಹೊರ ಅಳತೆ ಹಿಗ್ಗಿ ಒಳ ಅಳತೆ ಅಷ್ಟೇ ಕುಗ್ಗಿದ್ದರೆ ಮೊದಲು ಸಂಶಯಿಸಬೇಕಾದುದು ಈ ಸಂಖ್ಯೆಯನ್ನೇ. ಅಳತೆಗಳು ಸರಿಯಿದ್ದು ಆಕೃತಿ ಮಾತ್ರ ಒಂದು ಬದಿಗೆ ಸರಿದಿದ್ದರೆ ದೋಷವು ಸೊನ್ನೆಯ ಬಿಂದುವಿನದು. ಹೆಚ್ಚು ಉಳಿದ ಲೋಹವನ್ನು ಇನ್ನೊಮ್ಮೆ ಕೊರೆಯಬಹುದು. ಬರೆದ ಸಂಖ್ಯೆ ನಿಜವಾದ ತ್ರಿಜ್ಯಕ್ಕಿಂತ ಕಡಿಮೆಯಾದರೆ ಫಲಕವೇ ವ್ಯರ್ಥ.

ಒಳಮೂಲೆಗಳಲ್ಲಿ ಮಾತ್ರ ಈ ಏರ್ಪಾಡಿಗೂ ಮಿತಿಯುಂಟು. 4 ಮಿ.ಮೀ. ತ್ರಿಜ್ಯದ ಒಳಮೂಲೆಗೆ 6 ಮಿ.ಮೀ. ತ್ರಿಜ್ಯದ ಕಟರು ಹೊಗಲಾರದು. ಅನೇಕ ಯಂತ್ರಗಳು ಅಂಥಲ್ಲಿ ಎಚ್ಚರಿಕೆ ತೋರಿಸಿ ನಿಲ್ಲುತ್ತವೆ. ಆಗ D ಸ್ಥಾನದ ಸಂಖ್ಯೆಯನ್ನು ಕಿರಿದುಮಾಡಿ ಯಂತ್ರವನ್ನು ಒಪ್ಪಿಸಿದರೆ ಗೋಡೆಯೇ ಕೊರೆದುಹೋಗುತ್ತದೆ, 8 ಮಿ.ಮೀ.ಗಿಂತ ಸಣ್ಣ ವ್ಯಾಸದ ಕಟರನ್ನೇ ಹೂಡಬೇಕು.