ಸೊನ್ನೆಯೋ, ಅನುಸ್ವಾರವೋ? ಕನ್ನಡ-ಇಂಗ್ಲಿಷ್ ಬಿಲ್ಲನ್ನು ಕಂಪ್ಯೂಟರ್ ಓದುವ ಬಗೆ

ನಮ್ಮ ಊರಿನ ಸಗಟು ಅಂಗಡಿಗಳಿಂದ ಬರುವ ಡೆಲಿವರಿ ಚಲನ್ ಒಂದನ್ನು ಗಮನಿಸಿ ನೋಡಿ. ಅಂಗಡಿಯ ಹೆಸರು ಕನ್ನಡದಲ್ಲಿ, ಜಿಎಸ್‌ಟಿ ಸಂಖ್ಯೆ ಇಂಗ್ಲಿಷಿನಲ್ಲಿ, ಸಾಮಾನಿನ ಹೆಸರು ಕನ್ನಡದಲ್ಲಿ, ಅದರ ಪಕ್ಕ ‘Kg’ ಅಥವಾ ‘Nos’. ಅಂಕಿಗಳಂತೂ ಒಮ್ಮೆ ೧೨, ಮತ್ತೊಮ್ಮೆ 12. ನಮಗೆ ಇದು ಕಣ್ಣಿಗೇ ಬೀಳುವುದಿಲ್ಲ, ಸರಾಗವಾಗಿ ಓದಿಬಿಡುತ್ತೇವೆ. ಇದೇ ಕಾಗದದ ಫೋಟೋ ತೆಗೆದು ಕಂಪ್ಯೂಟರಿಗೆ ಓದಲು ಕೊಟ್ಟರೆ ಅದು ಎಡವುವುದು ಕಷ್ಟದ ಪದಗಳಲ್ಲಿ ಅಲ್ಲ, ಅಂಕಿಗಳಲ್ಲಿ. ನಾನು ಸಿಇಬಿಎ ವಿದ್ಯಾರ್ಥಿ. ತಂದೆಯವರ ಕಿರಾಣಿ ಅಂಗಡಿಯ ಚಲನ್‌ಗಳನ್ನು ರಜೆಯಲ್ಲಿ ಕಂಪ್ಯೂಟರಿಗೆ ಏರಿಸುತ್ತ ಗಮನಿಸಿದ್ದನ್ನು ಇಲ್ಲಿ ಹೇಳುತ್ತೇನೆ.

ಚಿತ್ರದಲ್ಲಿರುವ ಅಕ್ಷರಗಳನ್ನು ಪಠ್ಯವಾಗಿ ಬದಲಿಸುವ ತಂತ್ರಕ್ಕೆ ಓಸಿಆರ್ ಎನ್ನುತ್ತಾರೆ. ನಾನು ಬಳಸುವುದು ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶ. ಎರಡು ಭಾಷೆಗಳನ್ನು ಒಟ್ಟಿಗೆ ಓದು ಎಂದು ಅದಕ್ಕೆ ಹೀಗೆ ಹೇಳಬಹುದು:

```
tesseract challan.png out -l kan+eng --psm 6
```

ಇಲ್ಲಿ `kan` ಕನ್ನಡ, `eng` ಇಂಗ್ಲಿಷ್. `--psm 6` ಎಂದರೆ ಇಡೀ ಚಿತ್ರವನ್ನು ಒಂದೇ ಪಠ್ಯದ ತುಂಡು ಎಂದು ತಿಳಿದು ಸಾಲುಸಾಲಾಗಿ ಓದು ಎಂದರ್ಥ. ‘ತೊಗರಿಬೇಳೆ’ಯಂಥ ಉದ್ದ ಪದ ಬಂದರೆ ತಂತ್ರಾಂಶಕ್ಕೆ ಅಕ್ಕಪಕ್ಕದ ಅಕ್ಷರಗಳ ಆಧಾರ ಇರುತ್ತದೆ; ಅದು ಕನ್ನಡವೇ ಎಂದು ಧೈರ್ಯವಾಗಿ ಹೇಳಬಲ್ಲದು. ಆದರೆ ‘೧೦’ ಎಂಬ ಎರಡೇ ಗುರುತುಗಳಿದ್ದಾಗ ಆಧಾರಕ್ಕೆ ಏನೂ ಇರುವುದಿಲ್ಲ. ಅಲ್ಲೇ ತೊಂದರೆ ಶುರು.

ಕನ್ನಡದ ಸೊನ್ನೆ ೦, ಅನುಸ್ವಾರ ಂ, ಇಂಗ್ಲಿಷಿನ 0, ಇಂಗ್ಲಿಷಿನ O ಅಕ್ಷರ: ಈ ನಾಲ್ಕೂ ಕಾಗದದ ಮೇಲೆ ಒಂದು ಉಂಗುರವೇ. ಕಂಪ್ಯೂಟರಿನ ಒಳಗೆ ಮಾತ್ರ ನಾಲ್ಕಕ್ಕೂ ಬೇರೆ ಬೇರೆ ಗುರುತು ಸಂಖ್ಯೆ. ಯೂನಿಕೋಡ್‌ನಲ್ಲಿ ಕನ್ನಡದ ಸೊನ್ನೆ U+0CE6, ಅನುಸ್ವಾರ U+0C82. ಹೀಗಾಗಿ ‘೧೦’ ಎಂಬುದು ‘೧ಂ’ ಎಂದು ಬಂದರೂ ಪರದೆಯ ಮೇಲೆ ನಮಗೆ ವ್ಯತ್ಯಾಸ ಕಾಣುವುದಿಲ್ಲ. ಪೈಥಾನ್‌ಗೆ ಕೊಟ್ಟಾಗ ಗುಟ್ಟು ಬಯಲಾಗುತ್ತದೆ. `int("೧೦")` ಎಂದರೆ ಅದು 10 ಎಂದು ಉತ್ತರ ಕೊಡುತ್ತದೆ (ಹೌದು, ಪೈಥಾನ್‌ಗೆ ಕನ್ನಡ ಅಂಕಿ ಗೊತ್ತು!). ಸೊನ್ನೆಯ ಜಾಗದಲ್ಲಿ ಅನುಸ್ವಾರ ಕೂತಿದ್ದರೆ `ValueError` ಬರುತ್ತದೆ.

ಒಂಬತ್ತರ ಕಥೆ ಇನ್ನೂ ಸ್ವಾರಸ್ಯ. ಕನ್ನಡದ ೯ ಮತ್ತು ಅರ್ಕಾವೊತ್ತು ನೋಡಲು ಹೆಚ್ಚುಕಡಿಮೆ ಒಂದೇ. ‘ಕರ್ನಾಟಕ’ ಎಂಬ ಪದದಲ್ಲಿ ಅರ್ಕಾವೊತ್ತನ್ನು ನಾವು ಬರೆಯುವುದು ‘ನಾ’ ಆದಮೇಲೆ. ಆದರೆ ಕಂಪ್ಯೂಟರಿನಲ್ಲಿ ಅದು ಉಳಿಯುವುದು ‘ನಾ’ಕ್ಕಿಂತ ಮೊದಲು, ರ್ ಆಗಿ. ಕಂಡ ಕ್ರಮದಲ್ಲೇ ಓದಿದರೆ ‘ಕನಾ೯ಟಕ’ ಎಂದಾಗುತ್ತದೆ. ಆದ್ದರಿಂದ ಕನ್ನಡ ಪದದ ನಡುವೆ ೯ ಕಂಡರೆ ಅದು ಅರ್ಕಾವೊತ್ತು ಎಂದೇ ಅನುಮಾನಿಸಬೇಕು.

ಇದಕ್ಕೆಲ್ಲ ನಾನು ಕಂಡುಕೊಂಡ ಒಳ್ಳೆಯ ಉಪಾಯ, ಇಡೀ ಚಲನ್ ಅನ್ನು ಒಮ್ಮೆಗೇ ಓದಿಸದಿರುವುದು. ಚಲನ್‌ನಲ್ಲಿ ಗೆರೆ ಹಾಕಿದ ಕಂಬಸಾಲುಗಳು ಇದ್ದೇ ಇರುತ್ತವೆ. ಸಾಮಾನಿನ ಹೆಸರಿನ ಸಾಲನ್ನು ಒಂದು ಚಿತ್ರವಾಗಿ, ಅಂಕಿಗಳ ಸಾಲನ್ನು ಇನ್ನೊಂದು ಚಿತ್ರವಾಗಿ ಕತ್ತರಿಸಿಕೊಂಡು, ಅಂಕಿಯ ಚಿತ್ರಕ್ಕೆ ‘ಇಲ್ಲಿ ಇಷ್ಟೇ ಗುರುತುಗಳಿವೆ’ ಎಂದು ಮೊದಲೇ ಕಟ್ಟುಹಾಕಬೇಕು:

```
tesseract qty.png out -l kan --psm 6 -c tessedit_char_whitelist=೦೧೨೩೪೫೬೭೮೯
```

ಇದರಲ್ಲಿ ಒಂದು ಅಪಾಯವಿದೆ. ಸಾಲಿನಲ್ಲಿರುವುದು ಯಾವ ಲಿಪಿಯ ಅಂಕಿ ಎಂದು ಮೊದಲು ಕಣ್ಣಿನಿಂದ ನೋಡಿಕೊಳ್ಳಲೇಬೇಕು. ಕನ್ನಡ ಅಂಕಿಗಳ ಸಾಲಿಗೆ `eng` ಕೊಟ್ಟು 0-9 ಎಂದು ಕಟ್ಟುಹಾಕಿದರೆ ತಂತ್ರಾಂಶ ‘ಗೊತ್ತಿಲ್ಲ’ ಎನ್ನುವುದಿಲ್ಲ. ಹತ್ತರಲ್ಲಿ ಯಾವುದೋ ಒಂದನ್ನು ಹೇಳಿಬಿಡುತ್ತದೆ. ಕನ್ನಡದ ೪ ತಲೆ ತೆರೆದ 8ರಂತೆ ಕಾಣುವುದರಿಂದ ನಾಲ್ಕು ಚೀಲ ಎಂಟು ಚೀಲವಾಗಬಹುದು. ತಪ್ಪು ಅಕ್ಷರವಾದರೆ ಓದುವಾಗ ಕಣ್ಣಿಗೆ ಚುಚ್ಚುತ್ತದೆ. ತಪ್ಪು ಅಂಕಿ ಹಾಗಲ್ಲ, ಅದೂ ಸರಿಯಾದ ಅಂಕಿಯಂತೆಯೇ ಕಾಣುತ್ತದೆ.

ಹಾಗಾದರೆ ಅಂಕಿಯ ತಪ್ಪು ಹಿಡಿಯುವುದು ಹೇಗೆ? ಅಕೌಂಟೆನ್ಸಿ ಓದುವವರಿಗೆ ಇದು ಖುಷಿ ಕೊಡುವ ಭಾಗ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಚಲನ್‌ನಲ್ಲಿ ಪ್ರಮಾಣ ಕನ್ನಡ ಅಂಕಿಯಲ್ಲಿ, ದರ ಮತ್ತು ಮೊತ್ತ ಇಂಗ್ಲಿಷ್ ಅಂಕಿಯಲ್ಲಿ ಇವೆ. ಓಸಿಆರ್ ಕೊಟ್ಟದ್ದು ಹೀಗೆ:

```
ತೊಗರಿಬೇಳೆ  ೧ಂ  120  1200
ಅಕ್ಕಿ        ೫೦  54   2700
ಬೆಲ್ಲ        ೧೭  55   880
ಒಟ್ಟು                4780
```

ಮೊದಲ ಸಾಲಿನಲ್ಲಿ ಅನುಸ್ವಾರ ನುಸುಳಿದೆ. ಇದು ಅಂಕಿಯ ಸಾಲೇ ಆದ್ದರಿಂದ ಅದನ್ನು ಸೊನ್ನೆ ಎಂದು ಬದಲಿಸಬಹುದು; 10 × 120 = 1200, ಸರಿಹೋಯಿತು. (ಹೆಸರಿನ ಸಾಲಿನಲ್ಲಿ ಹೀಗೆ ಬದಲಿಸಲು ಹೋದರೆ ಗೋಧಿಯ ಪಕ್ಕದ ‘ಅಂಟು’ ‘ಅ೦ಟು’ ಆಗಿ, ಮುಂದೆ ಹುಡುಕಿದರೂ ಸಿಗದು.) ಎರಡನೆಯದು 50 × 54 = 2700, ಸರಿ. ಮೂರನೆಯದರಲ್ಲಿ 17 × 55 = 935 ಆಗಬೇಕು, ಕಾಗದದಲ್ಲಿ 880 ಇದೆ. ಪ್ರಮಾಣ ತಪ್ಪೋ, ಮೊತ್ತ ತಪ್ಪೋ? ಒಟ್ಟು ನೋಡಿ: 1200 + 2700 + 880 = 4780. ಹಾಗಾದರೆ ಮೊತ್ತ ಸರಿಯಾಗಿದೆ. 880ನ್ನು 55ರಿಂದ ಭಾಗಿಸಿದರೆ 16. ಕಾಗದದಲ್ಲಿದ್ದದ್ದು ೧೬. ೬ರ ನಡುವಿನ ಸಣ್ಣ ಮಡಿಕೆ ಶಾಯಿಯಲ್ಲಿ ತುಂಬಿಹೋದರೆ ಅದು ೭ ಆಗಿ ಕಾಣುವುದು ಸಹಜ. ಭಾಗಾಕಾರದಲ್ಲಿ 16 ಬಂದದ್ದಷ್ಟೇ ಅಲ್ಲ, ೬ ಮತ್ತು ೭ ಒಂದರಂತೆ ಒಂದು ಕಾಣುವ ಜೋಡಿ ಎಂಬುದೂ ಇಲ್ಲಿ ಸಾಕ್ಷಿ. ಭಾಗಿಸಿದಾಗ ೧೬ರ ಬದಲು ೧೨ ಬಂದಿದ್ದರೆ ನಾನು ತಿದ್ದದೆ, ಮೂಲ ಕಾಗದವನ್ನೇ ಮತ್ತೆ ನೋಡುತ್ತಿದ್ದೆ.

ಜಿಎಸ್‌ಟಿ ಸಂಖ್ಯೆಯಲ್ಲಿ O ಮತ್ತು 0 ಗೊಂದಲಕ್ಕೆ ಜಾಗವೇ ಉತ್ತರ. 15 ಗುರುತುಗಳಲ್ಲಿ ಮೊದಲ ಎರಡು ರಾಜ್ಯದ ಅಂಕಿ (ಕರ್ನಾಟಕಕ್ಕೆ 29), ನಂತರ ಐದು ಅಕ್ಷರ, ನಾಲ್ಕು ಅಂಕಿ, ಮತ್ತೆ ಒಂದು ಅಕ್ಷರ. ಅಕ್ಷರದ ಜಾಗದಲ್ಲಿ ಉಂಗುರ ಕಂಡರೆ ಅದು O, ಅಂಕಿಯ ಜಾಗದಲ್ಲಾದರೆ 0. ಮೊತ್ತದ ಹಿಂದಿನ ₹ ಗುರುತಿನ ಮೇಲೂ ಕಣ್ಣಿರಲಿ; ಅದು 7 ಅಥವಾ 2 ಎಂದು ಓದಿಸಿಕೊಂಡು 880ನ್ನು 7880 ಮಾಡಿಬಿಡಬಲ್ಲದು. ಒಟ್ಟು ಕೂಡಿದರೆ ಇದು ತಕ್ಷಣ ಸಿಕ್ಕಿಬೀಳುತ್ತದೆ.

ಫೋಟೋ ಬಗ್ಗೆ ಒಂದೆರಡು ಮಾತು. ನಮಗೆ ಸಿಗುವುದು ಹೆಚ್ಚಾಗಿ ಗುಲಾಬಿ ಬಣ್ಣದ ಕಾರ್ಬನ್ ಪ್ರತಿ. ಅದರ ಫೋಟೋದಲ್ಲಿ ಕೆಂಪು ಚಾನೆಲ್ ಮಾತ್ರ ಉಳಿಸಿಕೊಂಡರೆ ಗುಲಾಬಿ ಹಿನ್ನೆಲೆ ಬೆಳ್ಳಗಾಗಿ ನೀಲಿ ಬರಹ ಕಪ್ಪಾಗಿ ಎದ್ದು ಕಾಣುತ್ತದೆ. ಸಾಲುಗಳು ಒತ್ತೊತ್ತಾಗಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿಗೆ ತಗುಲುತ್ತದೆ. ‘ಅಕ್ಕಿ’ಯ ಒತ್ತು ಕೆಳಗಿನ ‘ಬೆಲ್ಲ’ದ ತಲೆಯ ಮೇಲೆ ಕೂತು ಎರಡೂ ಕೆಡುತ್ತವೆ. ಆಗ ಸಾಲು ಸಾಲಾಗಿ ಕತ್ತರಿಸಿ `--psm 7` ಕೊಟ್ಟು ಓದಿಸುವುದು ಮೇಲು.

ಈ ಲೆಕ್ಕದ ಪರೀಕ್ಷೆ ನಡೆಯುವುದು ದರ, ಮೊತ್ತ ಎರಡೂ ಇದ್ದಾಗ ಮಾತ್ರ. ಬರೀ ಸಾಮಾನು ಮತ್ತು ಪ್ರಮಾಣ ಬರೆದು ಲಾರಿಯಲ್ಲಿ ಕಳಿಸುವ ಚಲನ್‌ಗಳಿಗೆ ಗುಣಾಕಾರ ಇಲ್ಲ, ಆಮೇಲೆ ಬರುವ ಬಿಲ್ಲಿನೊಂದಿಗೆ ತಾಳೆ ನೋಡುವುದೇ ದಾರಿ. ಕೈಬರಹದ ಚಲನ್ ಆದರೆ ಟೆಸರಾಕ್ಟ್ ಮುಂದೆ ಇಡುವುದೇ ಬೇಡ; ಅದು ಕಲಿತಿರುವುದು ಅಚ್ಚಿನ ಅಕ್ಷರ. ಅಂಥವನ್ನು ನಾನು ಇಂದಿಗೂ ಕೈಯಲ್ಲೇ ಟೈಪ್ ಮಾಡುತ್ತೇನೆ.