ಆಮ್ಲವನ್ನು ತೆಳುಗೊಳಿಸುವ ಲೆಕ್ಕ ಮತ್ತು ಕ್ರಮ

ಸಮುದಾಯ ಶೌಚಾಲಯಗಳ ಸುಣ್ಣದ ಕಲೆ ತೆಗೆಯಲು ತರಿಸುವ ಹೈಡ್ರೋಕ್ಲೋರಿಕ್ ಆಮ್ಲವನ್ನು ಸೀಸೆಯಿಂದ ನೇರವಾಗಿ ಬಳಸದೆ ತೆಳುಗೊಳಿಸತಕ್ಕದ್ದು. ಬೇಕಾದ ಪ್ರಮಾಣವನ್ನು ಸೀಸೆಯ ಲೇಬಲ್ಲಿನಿಂದಲೇ ತಿಳಿಯಬಹುದು.

ಲೇಬಲ್ಲಿನಲ್ಲಿ ಸಾಂದ್ರತೆ ಪ್ರತಿ ಮಿಲಿಲೀಟರಿಗೆ 1.18 ಗ್ರಾಂ, ಆಮ್ಲಾಂಶ ತೂಕದಲ್ಲಿ ಶೇ. 35 ಎಂದಿದೆ ಎನ್ನೋಣ. ಆಗ ಒಂದು ಲೀಟರ್ ದ್ರವದ ತೂಕ 1,180 ಗ್ರಾಂ, ಅದರ ಶೇ. 35 ಭಾಗ, ಅಂದರೆ 413 ಗ್ರಾಂ ಮಾತ್ರ ಆಮ್ಲ. ಲೀಟರಿಗೆ 50 ಗ್ರಾಂ ಆಮ್ಲವಿರುವ 10 ಲೀಟರ್ ದ್ರಾವಣಕ್ಕೆ 500 ಗ್ರಾಂ ಬೇಕು. 500ನ್ನು 413ರಿಂದ ಭಾಗಿಸಿದರೆ 1.21 ಲೀಟರ್ ಬರುತ್ತದೆ. ಸಾಂದ್ರತೆಯನ್ನು ಕಡೆಗಣಿಸಿ ಲೀಟರಿಗೆ 350 ಗ್ರಾಂ ಎಂದೆಣಿಸಿದಲ್ಲಿ 1.43 ಲೀಟರ್ ಸುರಿದು, ದ್ರಾವಣವು ಸುಮಾರು ಶೇ. 18ರಷ್ಟು ಹೆಚ್ಚು ತೀಕ್ಷ್ಣವಾಗುತ್ತದೆ.

ಗಾಳಿಯಾಡುವ ಸ್ಥಳದಲ್ಲಿ, ಕನ್ನಡಕ ಮತ್ತು ರಬ್ಬರ್ ಕೈಗವಸು ಧರಿಸಿ, ಪ್ಲಾಸ್ಟಿಕ್ ಬಕೆಟ್ಟಿಗೆ ಮೊದಲು 8 ಲೀಟರ್ ನೀರು ತುಂಬಬೇಕು. ಬಳಿಕ ಆಮ್ಲವನ್ನು ಸಣ್ಣ ಧಾರೆಯಾಗಿ ಬೆರೆಸಿ, ಕೊನೆಗೆ 10 ಲೀಟರ್ ಗುರುತಿನವರೆಗೆ ನೀರು ಸೇರಿಸಬೇಕು. ಆಮ್ಲದ ಮೇಲೆ ನೀರು ಸುರಿದರೆ ಹುಟ್ಟುವ ಶಾಖದಿಂದ ಅದು ಮೈಮೇಲೆ ಸಿಡಿಯಬಹುದು.

ಬ್ಲೀಚಿಂಗ್ ಪುಡಿಯೊಡನೆ ಆಮ್ಲ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಆದ್ದರಿಂದ ಇವೆರಡನ್ನೂ ಪ್ರತ್ಯೇಕ ಕೊಠಡಿಗಳಲ್ಲಿ ಇರಿಸಿರುವುದನ್ನು ಸದಸ್ಯರು ಖಚಿತಪಡಿಸಿಕೊಳ್ಳುವುದು.